ಸಿಂಗ್ಯುಲರ್ ವ್ಯಾಲ್ಯೂ, ಐಗನ್ ವ್ಯಾಲ್ಯೂ ಯಾವಾಗ ಒಂದೇ, ಯಾವಾಗ ಬೇರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡೂ ಒಂದೇ ಅಲ್ವಾ? ನಾನು ಲೆಕ್ಕ ಮಾಡಿದಾಗೆಲ್ಲ ಒಂದೇ ಉತ್ತರ ಬಂದಿದೆ.

ಹಾಗಾದರೆ ನೀವು ತೆಗೆದುಕೊಂಡ ಮ್ಯಾಟ್ರಿಕ್ಸ್‌ಗಳೇ ಅಂಥವು. ಬಹುಶಃ ಎಲ್ಲವೂ ಸಿಮ್ಮೆಟ್ರಿಕ್ ಆಗಿದ್ದವು, ಐಗನ್ ವ್ಯಾಲ್ಯೂಗಳೂ ಪಾಸಿಟಿವ್ ಆಗಿದ್ದವು. ಒಮ್ಮೆ ಈ ಪುಟ್ಟ ಮ್ಯಾಟ್ರಿಕ್ಸ್ ಇಟ್ಟುಕೊಂಡು ನೋಡಿ, ಇದು ಈ ಪುಟದ ಉದ್ದಕ್ಕೂ ನಮ್ಮ ಜೊತೆ ಬರುತ್ತದೆ:

```
A = [ 1  1 ]
    [ 0  1 ]
```

ಕರ್ಣದ ಕೆಳಗೆ ಸೊನ್ನೆ ಇರುವುದರಿಂದ ಐಗನ್ ವ್ಯಾಲ್ಯೂಗಳು ಕರ್ಣದ ಮೇಲೇ ಕೂತಿವೆ: 1 ಮತ್ತು 1. ಇನ್ನು ಸಿಂಗ್ಯುಲರ್ ವ್ಯಾಲ್ಯೂ. ಅದಕ್ಕೆ AᵀA ಮಾಡಿ, ಅದರ ಐಗನ್ ವ್ಯಾಲ್ಯೂ ಹುಡುಕಿ, ವರ್ಗಮೂಲ ತೆಗೆಯಬೇಕು.

```
AᵀA = [ 1  1 ]
      [ 1  2 ]
```

ಇದರ ಕರ್ಣದ ಮೊತ್ತ 3, ಡಿಟರ್ಮಿನಂಟ್ 1. ಹಾಗಾಗಿ ಸಮೀಕರಣ x² − 3x + 1 = 0. ಉತ್ತರ 2.618 ಮತ್ತು 0.382. ವರ್ಗಮೂಲ ತೆಗೆದರೆ 1.618 ಮತ್ತು 0.618. ಹೌದು, ಸುವರ್ಣ ಅನುಪಾತವೇ, ಸುಮ್ನೆ ಹೀಗೆ ಬಂದು ನಿಂತಿದೆ.

ಒಂದು ಕಡೆ 1, 1. ಇನ್ನೊಂದು ಕಡೆ 1.618, 0.618. ಹತ್ತಿರವೂ ಇಲ್ಲ. ಹೊಂದುವುದು ಗುಣಲಬ್ಧ ಮಾತ್ರ: 1 × 1 = 1, 1.618 × 0.618 = 1. ಇದು ಯಾವುದೇ ಚೌಕ ಮ್ಯಾಟ್ರಿಕ್ಸ್‌ಗೂ ನಿಜ. ಸಿಂಗ್ಯುಲರ್ ವ್ಯಾಲ್ಯೂಗಳ ಗುಣಲಬ್ಧವೂ ಐಗನ್ ವ್ಯಾಲ್ಯೂಗಳ ಗುಣಲಬ್ಧದ ಗಾತ್ರವೂ |det A| ಅಷ್ಟೇ ಇರುತ್ತದೆ.

ಒಂದೇ ಮ್ಯಾಟ್ರಿಕ್ಸ್‌ಗೆ ಎರಡು ಬೇರೆ ಉತ್ತರ ಯಾಕೆ?

ಯಾಕೆಂದರೆ ಪ್ರಶ್ನೆಗಳೇ ಬೇರೆ. ಐಗನ್ ವ್ಯಾಲ್ಯೂ ಕೇಳುವುದು ಇದನ್ನು: ಮ್ಯಾಟ್ರಿಕ್ಸ್ ಹಾಕಿದ ಮೇಲೂ ತನ್ನದೇ ಗೆರೆಯ ಮೇಲೆ ಉಳಿಯುವ ವೆಕ್ಟರ್ ಯಾವುದು, ಅದು ಎಷ್ಟು ಪಟ್ಟು ಆಗುತ್ತದೆ? ಸಿಂಗ್ಯುಲರ್ ವ್ಯಾಲ್ಯೂಗೆ ದಿಕ್ಕಿನ ಹಂಗಿಲ್ಲ. ಉದ್ದ 1 ಇರುವ ವೆಕ್ಟರ್ ಹೆಚ್ಚೆಂದರೆ ಎಷ್ಟು ಉದ್ದ ಆಗಬಹುದು, ಕಡಿಮೆ ಎಂದರೆ ಎಷ್ಟು, ಅಷ್ಟೇ ಅದರ ಚಿಂತೆ. ಒಳಗೆ ಹೋದ ದಿಕ್ಕು ಒಂದಿರಲಿ, ಹೊರಗೆ ಬಂದ ದಿಕ್ಕು ಇನ್ನೊಂದಿರಲಿ, ಅದಕ್ಕೆ ಪರವಾಗಿಲ್ಲ.

ನಮ್ಮ A ಅಲ್ಲೇ ಇದನ್ನು ನೋಡಬಹುದು. (1, 0) ಹಾಕಿದರೆ (1, 0) ಬರುತ್ತದೆ, ಗೆರೆ ಬದಲಾಗಲಿಲ್ಲ, ಅದು ಐಗನ್ ವೆಕ್ಟರ್. ಈಗ (0.526, 0.851) ಹಾಕಿ. ಇದರ ಉದ್ದ 1, x ಅಕ್ಷದಿಂದ ಸುಮಾರು 58.3 ಡಿಗ್ರಿ ಕೋನದಲ್ಲಿದೆ. ಹೊರಗೆ ಬರುವುದು (1.377, 0.851), ಉದ್ದ 1.618, ಕೋನ 31.7 ಡಿಗ್ರಿ. ಅತಿ ಹೆಚ್ಚು ಹಿಗ್ಗಿದ ವೆಕ್ಟರ್ ಇದೇ, ಆದರೆ ಹಿಗ್ಗುತ್ತಾ ತಿರುಗಿಯೂ ಬಿಟ್ಟಿತು. ತಿರುಗಿದ ಕಾರಣಕ್ಕೆ ಇದು ಐಗನ್ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಚಿತ್ರವಾಗಿ ಹೇಳಬೇಕೆಂದರೆ, ತ್ರಿಜ್ಯ 1 ಇರುವ ವೃತ್ತವನ್ನು A ಒಂದು ದೀರ್ಘವೃತ್ತ ಮಾಡುತ್ತದೆ. ಆ ದೀರ್ಘವೃತ್ತದ ಎರಡು ಅರ್ಧ ಅಕ್ಷಗಳ ಉದ್ದವೇ ಸಿಂಗ್ಯುಲರ್ ವ್ಯಾಲ್ಯೂಗಳು. ಐಗನ್ ವ್ಯಾಲ್ಯೂಗಳು ಆ ಆಕಾರದಲ್ಲಿ ಎಲ್ಲೂ ನೇರವಾಗಿ ಕಾಣುವುದಿಲ್ಲ.

ಚೌಕವಲ್ಲದ ಮ್ಯಾಟ್ರಿಕ್ಸ್‌ಗೆ?

ಅಲ್ಲಿ ಹೋಲಿಕೆಯೇ ಇಲ್ಲ. 3×2 ಮ್ಯಾಟ್ರಿಕ್ಸ್ ಎರಡು ಅಂಶದ ವೆಕ್ಟರ್ ತೆಗೆದುಕೊಂಡು ಮೂರು ಅಂಶದ ವೆಕ್ಟರ್ ಕೊಡುತ್ತದೆ, ಹಾಗಿರುವಾಗ "ತನ್ನದೇ ಗೆರೆಯ ಮೇಲೆ ಉಳಿಯಿತು" ಅನ್ನುವ ಮಾತಿಗೆ ಅರ್ಥ ಇಲ್ಲ. ಸಿಂಗ್ಯುಲರ್ ವ್ಯಾಲ್ಯೂ ಮಾತ್ರ ಇರುತ್ತದೆ.

ಸಿಮ್ಮೆಟ್ರಿಕ್ ಆಗಿದ್ದರೆ ಎರಡೂ ಒಂದೇ ಎಂದು ಓದಿದ್ದೆ. ನಿಜವಾ?

ಮುಕ್ಕಾಲು ಪಾಲು ನಿಜ. ಚಿಹ್ನೆ ಕೈ ಕೊಡುತ್ತದೆ.

```
B = [ 1  2 ]
    [ 2  1 ]
```

ಇದರ ಐಗನ್ ವ್ಯಾಲ್ಯೂ 3 ಮತ್ತು −1. ಸಿಮ್ಮೆಟ್ರಿಕ್ ಆದ್ದರಿಂದ BᵀB ಅಂದರೆ B², ಅದರ ಐಗನ್ ವ್ಯಾಲ್ಯೂ 9 ಮತ್ತು 1, ವರ್ಗಮೂಲ 3 ಮತ್ತು 1. ವರ್ಗ ಮಾಡಿದಾಗಲೇ ಮೈನಸ್ ಕಳೆದುಹೋಯಿತು. ಆಮೇಲೆ ವರ್ಗಮೂಲ ತೆಗೆದರೂ ಅದು ವಾಪಸ್ ಬರುವುದಿಲ್ಲ. ಹಾಗಾಗಿ ಸಿಮ್ಮೆಟ್ರಿಕ್ ಮ್ಯಾಟ್ರಿಕ್ಸ್‌ಗೆ ಸರಿಯಾದ ಮಾತು, ಸಿಂಗ್ಯುಲರ್ ವ್ಯಾಲ್ಯೂಗೆ σ, ಐಗನ್ ವ್ಯಾಲ್ಯೂಗೆ λ ಎಂದು ಬರೆದರೆ, σ = |λ|. σ = λ ಅಲ್ಲ.

ಆ ಮೈನಸ್ ಪೂರ್ತಿ ಮಾಯವಾಗಿಲ್ಲ, ವೆಕ್ಟರ್‌ಗಳಲ್ಲಿ ಅಡಗಿ ಕೂತಿದೆ. ಸಿಂಗ್ಯುಲರ್ ವಿಭಜನೆ B = UΣVᵀ ಮಾಡಿದಾಗ, 1 ಕ್ಕೆ ಸೇರಿದ ಕಂಬಸಾಲು U ದಲ್ಲಿ ಒಂದು ದಿಕ್ಕಿಗಿದ್ದರೆ V ಯಲ್ಲಿ ಅದರ ಉಲ್ಟಾ ಇರುತ್ತದೆ. ಅವೆರಡರ ಡಾಟ್ ಗುಣಲಬ್ಧ −1 ಬಂದರೆ ಐಗನ್ ವ್ಯಾಲ್ಯೂ ಮೈನಸ್, +1 ಬಂದರೆ ಪ್ಲಸ್. ಈ ಉಪಾಯ ಒಂದು ಕಡೆ ಕೆಡುತ್ತದೆ: 3 ಮತ್ತು −3 ಎರಡೂ ಐಗನ್ ವ್ಯಾಲ್ಯೂ ಆಗಿದ್ದರೆ ಸಿಂಗ್ಯುಲರ್ ವ್ಯಾಲ್ಯೂ 3 ಎರಡು ಸಲ ಬರುತ್ತದೆ, ಆಗ ಪ್ರೋಗ್ರಾಂ ಆ ಎರಡು ದಿಕ್ಕುಗಳನ್ನು ಕಲಸಿ ಕೊಟ್ಟುಬಿಡಬಹುದು. ಡಾಟ್ ಗುಣಲಬ್ಧ 0.4 ಥರ ಏನೋ ಬಂದರೆ ಗಾಬರಿ ಆಗಬೇಡಿ, ಕಾರಣ ಇದೇ ಇರುತ್ತದೆ.

ಸಿಮ್ಮೆಟ್ರಿಕ್ ಅಲ್ಲದಿದ್ದರೂ σ = |λ| ಆಗಬಹುದಾ?

ಆಗಬಹುದು. 90 ಡಿಗ್ರಿ ತಿರುಗಿಸುವ ಮ್ಯಾಟ್ರಿಕ್ಸ್ ನೋಡಿ:

```
R = [ 0  -1 ]
    [ 1   0 ]
```

ಐಗನ್ ವ್ಯಾಲ್ಯೂ i ಮತ್ತು −i, ಸಂಕೀರ್ಣ ಸಂಖ್ಯೆಗಳು. ಎರಡರ ಗಾತ್ರವೂ 1. ತಿರುಗಿಸಿದರೆ ಉದ್ದ ಬದಲಾಗುವುದಿಲ್ಲ, ಆದ್ದರಿಂದ ಸಿಂಗ್ಯುಲರ್ ವ್ಯಾಲ್ಯೂಗಳೂ 1 ಮತ್ತು 1. ಹೊಂದಿತು.

B ಗೂ R ಗೂ ಇರುವ ಸಮಾನ ಗುಣ ಇದು: BBᵀ = BᵀB, RRᵀ = RᵀR. (ಸಂಕೀರ್ಣ ಸಂಖ್ಯೆಗಳಿದ್ದರೆ ಟ್ರಾನ್ಸ್‌ಪೋಸ್ ಜೊತೆ ಕಾಂಜುಗೇಟ್ ಕೂಡ ಮಾಡಿ.) ಈ ಗುಣ ಇರುವುದಕ್ಕೆ ನಾರ್ಮಲ್ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಹೆಸರು ಕೇಳಿದರೆ "ಸಾಮಾನ್ಯ" ಅನಿಸುತ್ತದೆ, ಆದರೆ ಮನಸ್ಸಿಗೆ ಬಂದ ಸಂಖ್ಯೆಗಳನ್ನು ತುಂಬಿಸಿ ಮಾಡಿದ ಮ್ಯಾಟ್ರಿಕ್ಸ್ ನಾರ್ಮಲ್ ಆಗುವುದು ತೀರಾ ಅಪರೂಪ, ಹಾಗಾಗಿ ನನಗಂತೂ ಈ ಹೆಸರು ಹಿಡಿಸುವುದಿಲ್ಲ.

ಈ ಪುಟದ ತಿರುಳು ಇಷ್ಟು: ಎಲ್ಲ ಸಿಂಗ್ಯುಲರ್ ವ್ಯಾಲ್ಯೂಗಳೂ ಐಗನ್ ವ್ಯಾಲ್ಯೂಗಳ ಗಾತ್ರಕ್ಕೆ ಸಮ ಇದ್ದರೆ ಮ್ಯಾಟ್ರಿಕ್ಸ್ ನಾರ್ಮಲ್, ನಾರ್ಮಲ್ ಆಗಿದ್ದರೆ ಅವು ಸಮ. ಎರಡೂ ದಿಕ್ಕಿಗೆ ನಿಜ.

ನಾರ್ಮಲ್ ಆದರೆ ಹೊಂದುತ್ತದೆ, ಸರಿ. ಹೊಂದಿದರೆ ನಾರ್ಮಲ್ ಆಗಿರಲೇಬೇಕು ಎಂದು ಹೇಗೆ ಹೇಳುತ್ತೀರಿ?

ಇದಕ್ಕೆ ಒಂದು ಚೆಂದದ ಲೆಕ್ಕ ಇದೆ. ಇಸ್ಸಾಯ್ ಶೂರ್ 1909ರಲ್ಲಿ ತೋರಿಸಿದ್ದು. ಯಾವುದೇ ಚೌಕ ಮ್ಯಾಟ್ರಿಕ್ಸ್ ಅನ್ನು ಲಂಬವಾದ ಅಕ್ಷಗಳಿಂದ ಬೇರೆ ಲಂಬ ಅಕ್ಷಗಳಿಗೆ ಸರಿಸಿದರೆ ಮೇಲ್ತ್ರಿಕೋನ ಆಕಾರಕ್ಕೆ ತರಬಹುದು. ಅಂದರೆ ಕರ್ಣದ ಕೆಳಗೆಲ್ಲ ಸೊನ್ನೆ, ಕರ್ಣದ ಮೇಲೆ ಐಗನ್ ವ್ಯಾಲ್ಯೂಗಳು, ಅದರಾಚೆ ಉಳಿದದ್ದು. ಅಕ್ಷಗಳು ಲಂಬವಾಗಿಯೇ ಉಳಿದದ್ದರಿಂದ ಸಿಂಗ್ಯುಲರ್ ವ್ಯಾಲ್ಯೂಗಳು ಒಂದಿಷ್ಟೂ ಅಲುಗುವುದಿಲ್ಲ, ಮ್ಯಾಟ್ರಿಕ್ಸ್‌ನ ಎಲ್ಲ ಅಂಶಗಳ ವರ್ಗಗಳ ಮೊತ್ತವೂ ಅಲುಗುವುದಿಲ್ಲ.

ಆ ಮೊತ್ತ ಯಾವಾಗಲೂ ಸಿಂಗ್ಯುಲರ್ ವ್ಯಾಲ್ಯೂಗಳ ವರ್ಗಗಳ ಮೊತ್ತಕ್ಕೆ ಸಮ. ಅದೇ ಮೊತ್ತವನ್ನು ತ್ರಿಕೋನ ಆಕಾರದಲ್ಲಿ ಎಣಿಸಿದರೆ ಕರ್ಣದ ಪಾಲು ಮತ್ತು ಕರ್ಣದಾಚೆಯ ಪಾಲು ಎಂದು ಎರಡು ಭಾಗ ಸಿಗುತ್ತದೆ. ಹಾಗಾಗಿ

σ² ಗಳ ಮೊತ್ತ = |λ|² ಗಳ ಮೊತ್ತ + ಕರ್ಣದಾಚೆಯ ವರ್ಗಗಳ ಮೊತ್ತ

ಎಲ್ಲ σ ಗಳೂ |λ| ಗಳಿಗೆ ಸಮ ಇದ್ದರೆ ಕೊನೆಯ ಪಾಲು ಸೊನ್ನೆ ಆಗಲೇಬೇಕು, ವರ್ಗಗಳ ಮೊತ್ತ ಸೊನ್ನೆ ಎಂದರೆ ಒಂದೊಂದೂ ಸೊನ್ನೆ. ಉಳಿದದ್ದು ಬರೀ ಕರ್ಣ. ಲಂಬ ಅಕ್ಷಗಳಲ್ಲಿ ಬರೀ ಕರ್ಣವಾಗಿ ನಿಲ್ಲುವ ಮ್ಯಾಟ್ರಿಕ್ಸ್ ಅಂದರೇನೇ ನಾರ್ಮಲ್.

ನಮ್ಮ A ಯಲ್ಲಿ ಪರೀಕ್ಷೆ ಮಾಡಿ. σ² ಗಳ ಮೊತ್ತ 2.618 + 0.382 = 3. |λ|² ಗಳ ಮೊತ್ತ 1 + 1 = 2. ವ್ಯತ್ಯಾಸ 1. ಅದು ಎಲ್ಲಿಂದ ಬಂತು? ಕರ್ಣದ ಮೇಲ್ಗಡೆ ಒಂಟಿಯಾಗಿ ಕೂತಿರುವ ಆ 1 ಇದೆಯಲ್ಲ, ಅಲ್ಲಿಂದ. ಅದನ್ನು 1 ಬದಲು 10 ಮಾಡಿದರೆ ಐಗನ್ ವ್ಯಾಲ್ಯೂಗಳು ಹಾಗೇ 1, 1. ವ್ಯತ್ಯಾಸ ಮಾತ್ರ 100 ಆಗುತ್ತದೆ. ಈ ವ್ಯತ್ಯಾಸದ ವರ್ಗಮೂಲವನ್ನು ಒಂದು ಮ್ಯಾಟ್ರಿಕ್ಸ್ ನಾರ್ಮಲ್‌ನಿಂದ ಎಷ್ಟು ದೂರ ಸರಿದಿದೆ ಎಂದು ಅಳೆಯಲು ಪೀಟರ್ ಹೆನ್ರಿಚಿ 1962ರಲ್ಲಿ ಬಳಸಿದರು, ಈಗಲೂ ಬಳಸುತ್ತಾರೆ.

ಹಾಗಾದರೆ ಗಾತ್ರ ಬಿಡಿ, σ = λ ಎಂದೇ ನೇರವಾಗಿ ಯಾವಾಗ?

ನಾರ್ಮಲ್ ಆಗಿರಬೇಕು, ಜೊತೆಗೆ ಐಗನ್ ವ್ಯಾಲ್ಯೂಗಳೆಲ್ಲ ಸೊನ್ನೆ ಅಥವಾ ಪಾಸಿಟಿವ್ ಆಗಿರಬೇಕು. ಇವೆರಡೂ ಸೇರಿದರೆ, ಸಾಮಾನ್ಯ ಸಂಖ್ಯೆಗಳ ಮ್ಯಾಟ್ರಿಕ್ಸ್ ತಾನಾಗಿಯೇ ಸಿಮ್ಮೆಟ್ರಿಕ್ ಆಗಿಬಿಡುತ್ತದೆ. ಇದಕ್ಕೇ ಪಾಸಿಟಿವ್ ಸೆಮಿಡೆಫಿನಿಟ್ ಅನ್ನುವುದು.

"ಐಗನ್ ವ್ಯಾಲ್ಯೂ ಎಲ್ಲ ಪಾಸಿಟಿವ್ ಇದೆ, ಸಾಕಲ್ವಾ?" ಎಂದು ತುಂಬ ಜನ ಕೇಳುತ್ತಾರೆ. ಸಾಲದು. ನಮ್ಮ A ಯ ಐಗನ್ ವ್ಯಾಲ್ಯೂಗಳೂ ಪಾಸಿಟಿವ್ ತಾನೆ.

ಪಿಸಿಎ ಮಾಡುವಾಗ ಐಗನ್ ವ್ಯಾಲ್ಯೂ ಒಂದು, ಸಿಂಗ್ಯುಲರ್ ವ್ಯಾಲ್ಯೂ ಇನ್ನೊಂದು ಬರುತ್ತಿದೆ. ಕೋವೇರಿಯನ್ಸ್ ಸೆಮಿಡೆಫಿನಿಟ್ ಅಲ್ವಾ?

ಹೌದು, ಸೆಮಿಡೆಫಿನಿಟ್ಟೇ. ಆದರೆ ನೀವು ಎರಡು ಬೇರೆ ಮ್ಯಾಟ್ರಿಕ್ಸ್‌ಗಳನ್ನು ಹೋಲಿಸುತ್ತಿದ್ದೀರಿ. ಐಗನ್ ವ್ಯಾಲ್ಯೂ ತೆಗೆದದ್ದು ಕೋವೇರಿಯನ್ಸ್ C ಯದ್ದು, ಸಿಂಗ್ಯುಲರ್ ವ್ಯಾಲ್ಯೂ ತೆಗೆದದ್ದು ಸರಾಸರಿ ಕಳೆದ ಡೇಟಾ X ನದ್ದು. C = XᵀX/(n−1) ಆದ್ದರಿಂದ λ = σ²/(n−1). 101 ಸಾಲು ಇದ್ದು X ನ ದೊಡ್ಡ ಸಿಂಗ್ಯುಲರ್ ವ್ಯಾಲ್ಯೂ 20 ಆಗಿದ್ದರೆ C ಯ ದೊಡ್ಡ ಐಗನ್ ವ್ಯಾಲ್ಯೂ 400/100, ಅಂದರೆ 4. ಈಗ C ಯದ್ದೇ ಸಿಂಗ್ಯುಲರ್ ವ್ಯಾಲ್ಯೂ ತೆಗೆದು ನೋಡಿ, ಅದೂ 4.

ದೊಡ್ಡದು ಮಾತ್ರ ಹೊಂದಿ ಉಳಿದವು ಹೊಂದದೇ ಇರಬಹುದಾ?

2×2 ರಲ್ಲಿ ಆಗದು. ಗುಣಲಬ್ಧ ಸಮ ಇರಲೇಬೇಕು ಎಂದು ಮೇಲೆ ಹೇಳಿದೆನಲ್ಲ, ಒಂದು ಹೊಂದಿದರೆ ಇನ್ನೊಂದೂ ಹೊಂದಬೇಕಾಗುತ್ತದೆ. 3×3 ಕ್ಕೆ ಬಂದರೆ ಆಗುತ್ತದೆ:

```
[ 1   0    0  ]
[ 0   0   0.5 ]
[ 0   0    0  ]
```

ಐಗನ್ ವ್ಯಾಲ್ಯೂ 1, 0, 0. ಸಿಂಗ್ಯುಲರ್ ವ್ಯಾಲ್ಯೂ 1, 0.5, 0. ಆದ್ದರಿಂದ ಮೊದಲನೆಯದನ್ನು ಮಾತ್ರ ನೋಡಿ "ಓಹ್, ನಾರ್ಮಲ್" ಅಂದುಕೊಳ್ಳಬೇಡಿ. ಇನ್ನೊಂದು ವಿಷಯವೂ ಇಲ್ಲೇ ಕಾಣುತ್ತದೆ: ರ‍್ಯಾಂಕ್ 2, ಸೊನ್ನೆಯಲ್ಲದ ಸಿಂಗ್ಯುಲರ್ ವ್ಯಾಲ್ಯೂಗಳೂ 2, ಸೊನ್ನೆಯಲ್ಲದ ಐಗನ್ ವ್ಯಾಲ್ಯೂ ಒಂದೇ. ರ‍್ಯಾಂಕ್ ಬೇಕಾದಾಗ ಐಗನ್ ವ್ಯಾಲ್ಯೂ ಎಣಿಸಬಾರದು.

ಉಲ್ಟಾ ಕಡೆಗೆ ಮಾತ್ರ ಒಂದು ಗ್ಯಾರಂಟಿ ಇದೆ. ದೊಡ್ಡ ಸಿಂಗ್ಯುಲರ್ ವ್ಯಾಲ್ಯೂ ಯಾವತ್ತೂ ದೊಡ್ಡ |λ| ಗಿಂತ ಕಡಿಮೆ ಇರುವುದಿಲ್ಲ, ಚಿಕ್ಕ ಸಿಂಗ್ಯುಲರ್ ವ್ಯಾಲ್ಯೂ ಚಿಕ್ಕ |λ| ಗಿಂತ ಜಾಸ್ತಿ ಇರುವುದಿಲ್ಲ. ಐಗನ್ ವ್ಯಾಲ್ಯೂಗಳ ಗಾತ್ರಗಳೆಲ್ಲ ಆ ಎರಡರ ನಡುವೆಯೇ ಸಿಕ್ಕಿಬಿದ್ದಿರುತ್ತವೆ.

ಬೇರೆ ಬೇರೆ ಇದ್ದರೆ ಏನಾಯಿತು? ಅದರಿಂದ ತೊಂದರೆ ಇದೆಯಾ?

ಒಂದೇ ಮ್ಯಾಟ್ರಿಕ್ಸ್ ಅನ್ನು ಮತ್ತೆ ಮತ್ತೆ ಹಾಕುವ ಕಡೆ ಇದೆ. ಇದನ್ನು ನೋಡಿ:

```
M = [ 0.9  10  ]
    [ 0    0.8 ]
```

ಐಗನ್ ವ್ಯಾಲ್ಯೂ 0.9 ಮತ್ತು 0.8. ಎರಡೂ 1 ಕ್ಕಿಂತ ಕಡಿಮೆ, ಆದ್ದರಿಂದ M, M², M³ ಎಂದು ಮುಂದೆ ಹೋದರೆ ಕೊನೆಗೆ ಎಲ್ಲವೂ ಸೊನ್ನೆಯತ್ತ ಹೋಗುತ್ತದೆ. ಪುಸ್ತಕದ ಉತ್ತರ ಅದು, ತಪ್ಪೂ ಅಲ್ಲ. ಆದರೆ ಸಿಂಗ್ಯುಲರ್ ವ್ಯಾಲ್ಯೂ ತೆಗೆದರೆ ಸುಮಾರು 10.07 ಮತ್ತು 0.07 ಬರುತ್ತದೆ. ಅಂದರೆ ಮೊದಲ ಹೆಜ್ಜೆಯಲ್ಲೇ ಯಾವುದೋ ಒಂದು ವೆಕ್ಟರ್ ಹತ್ತು ಪಟ್ಟು ಆಗುತ್ತದೆ.

ಮುಂದೇನಾಗುತ್ತದೆ ಎಂದು ಕೈಯಲ್ಲೇ ಲೆಕ್ಕ ಹಾಕಬಹುದು. Mᵏ ನ ಮೇಲಿನ ಬಲ ಮೂಲೆಯ ಅಂಶ 100 × (0.9ᵏ − 0.8ᵏ). k = 1 ಕ್ಕೆ 10, 2 ಕ್ಕೆ 17, 3 ಕ್ಕೆ 21.7, ಹೀಗೆ ಏರಿ 6 ರಲ್ಲಿ 26.9 ಮುಟ್ಟುತ್ತದೆ. ಆಮೇಲೆ ಇಳಿಯಲು ಶುರು. 20 ರಲ್ಲೂ ಇನ್ನೂ 11 ಇರುತ್ತದೆ, 1 ಕ್ಕಿಂತ ಕೆಳಗೆ ಬರಬೇಕಾದರೆ 44 ಹೆಜ್ಜೆ ಆಗಬೇಕು. ನಡುವೆ 27 ಪಟ್ಟು ಉಬ್ಬಿದ್ದು ನಿಮ್ಮ ಕೆಲಸವನ್ನು ಕೆಡಿಸುವ ಹಾಗಿದ್ದರೆ, ಕೊನೆಗೆ ಸೊನ್ನೆಗೆ ಹೋಗುತ್ತದೆ ಅನ್ನುವ ಸಮಾಧಾನ ಯಾವ ಪ್ರಯೋಜನಕ್ಕೂ ಬರದು. ಐಗನ್ ವ್ಯಾಲ್ಯೂ ಹೇಳುವುದು ಬಹಳ ದೂರದ ಕಥೆ. ಮುಂದಿನ ಒಂದು ಹೆಜ್ಜೆಯ ಕಥೆ ಸಿಂಗ್ಯುಲರ್ ವ್ಯಾಲ್ಯೂ ಹತ್ತಿರ ಇದೆ. ನಾರ್ಮಲ್ ಮ್ಯಾಟ್ರಿಕ್ಸ್ ಆಗಿದ್ದರೆ ಎರಡೂ ಕಥೆ ಒಂದೇ, ಮೊದಲ ಹೆಜ್ಜೆಯಿಂದಲೇ ಇಳಿಕೆ.

ಕಂಪ್ಯೂಟರ್‌ನಲ್ಲಿ ಚೆಕ್ ಮಾಡುವುದು ಹೇಗೆ?

ಎರಡು ಸಂಖ್ಯೆ ನೋಡಿದರೆ ಸಾಕು. ಒಂದು ಮೇಲೆ ಹೇಳಿದ ವರ್ಗಗಳ ವ್ಯತ್ಯಾಸ, ಇನ್ನೊಂದು AAᵀ − AᵀA ಎಷ್ಟು ದೊಡ್ಡದು ಎಂಬುದು.

```python
import numpy as np
A = np.array([[1., 1.], [0., 1.]])
s = np.linalg.svd(A, compute_uv=False)
l = np.linalg.eigvals(A)
print((s**2).sum() - (abs(l)**2).sum())
print(np.linalg.norm(A @ A.T - A.T @ A))
```

ನಮ್ಮ A ಗೆ ಮೊದಲನೆಯದು 1, ಎರಡನೆಯದು 1.414 ಬರಬೇಕು. ನಾರ್ಮಲ್ ಆಗಿದ್ದರೆ ಎರಡೂ ಸೊನ್ನೆ, ಅಥವಾ 1e-15 ಥರದ ಧೂಳು. ಧೂಳು ಎಷ್ಟಿದ್ದರೆ ಪರವಾಗಿಲ್ಲ ಎಂಬುದನ್ನು ಮ್ಯಾಟ್ರಿಕ್ಸ್‌ನ ಅಂಶಗಳ ಗಾತ್ರದ ಜೊತೆ ಹೋಲಿಸಿ ತೀರ್ಮಾನಿಸಿ.

ಒಂದೊಂದಾಗಿ ಹೋಲಿಸುವುದಾದರೆ ಮೊದಲು ಸಾಲಾಗಿ ಜೋಡಿಸಿಕೊಳ್ಳಿ. `svd` ದೊಡ್ಡದರಿಂದ ಚಿಕ್ಕದಕ್ಕೆ ಕೊಡುತ್ತದೆ, `eigvalsh` ಚಿಕ್ಕದರಿಂದ ದೊಡ್ಡದಕ್ಕೆ, `eigvals` ಗೆ ಯಾವ ಕ್ರಮವೂ ಇಲ್ಲ. ಬರೀ ಇದರಿಂದಲೇ "ಹೊಂದುತ್ತಿಲ್ಲ" ಎಂದು ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಇನ್ನೊಂದು ಗುಂಡಿ ಇದೆ, ಇದು ಸ್ವಲ್ಪ ಆಳ. `eigvalsh` ಸಿಮ್ಮೆಟ್ರಿಕ್ ಮ್ಯಾಟ್ರಿಕ್ಸ್‌ಗೆಂದೇ ಇರುವುದು. ಆದರೆ ನೀವು ಕೊಟ್ಟದ್ದು ನಿಜಕ್ಕೂ ಸಿಮ್ಮೆಟ್ರಿಕ್ಕಾ ಎಂದು ಅದು ನೋಡುವುದೇ ಇಲ್ಲ. ಕೆಳಗಿನ ತ್ರಿಕೋನ ಮಾತ್ರ ಓದಿ, ಮೇಲಿನದು ಅದರ ಪ್ರತಿಬಿಂಬ ಎಂದುಕೊಂಡು ಮುಂದೆ ಹೋಗುತ್ತದೆ. A ಕೊಟ್ಟರೆ 1, 1 ಬರುತ್ತದೆ, ಅದೃಷ್ಟಕ್ಕೆ ಸರಿ. Aᵀ ಕೊಟ್ಟರೆ 0 ಮತ್ತು 2 ಬರುತ್ತದೆ, ಅದು ಪೂರ್ತಿ ತಪ್ಪು. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

AᵀA ಮಾಡಿ ವರ್ಗಮೂಲ ತೆಗೆದರೆ ಸಾಕಲ್ಲ, svd ಯಾಕೆ?

ಕಾಗದದ ಮೇಲೆ ಸಾಕು. ಕಂಪ್ಯೂಟರ್‌ನಲ್ಲಿ ಚಿಕ್ಕ ಸಿಂಗ್ಯುಲರ್ ವ್ಯಾಲ್ಯೂ ಕಳೆದುಹೋಗಬಹುದು. ಮೂರು ಸಾಲು ಎರಡು ಕಂಬಸಾಲಿನ ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ, ಸಾಲುಗಳು (1, 1), (e, 0), (0, e), ಇಲ್ಲಿ e = 10⁻⁸. ಇದರ ಸಿಂಗ್ಯುಲರ್ ವ್ಯಾಲ್ಯೂ ಸುಮಾರು 1.414 ಮತ್ತು ಸರಿಯಾಗಿ 10⁻⁸. AᵀA ಮಾಡಿದರೆ ಕರ್ಣದ ಮೇಲೆ 1 + 10⁻¹⁶ ಬರಬೇಕು, ಆದರೆ 64 ಬಿಟ್ ಸಂಖ್ಯೆಗಳಲ್ಲಿ ಅದು 1 ಎಂದೇ ಉಳಿಯುತ್ತದೆ, ಅಷ್ಟು ಸಣ್ಣದನ್ನು ಹಿಡಿದಿಡಲು ಜಾಗ ಇಲ್ಲ. ಎಲ್ಲ ನಾಲ್ಕು ಅಂಶಗಳೂ 1 ಆಗಿಬಿಡುತ್ತವೆ, 10⁻⁸ ಮಾಯ. `svd` ಈ ಗುಣಾಕಾರ ಮಾಡದೆ ಮೂಲ ಮ್ಯಾಟ್ರಿಕ್ಸ್ ಮೇಲೇ ನೇರವಾಗಿ ಕೆಲಸ ಮಾಡುವುದರಿಂದ ಅದಕ್ಕೆ ಈ ಚಿಕ್ಕ ವ್ಯಾಲ್ಯೂ ಸಿಗುತ್ತದೆ.

ಎಲ್ಲ ಐಗನ್ ವ್ಯಾಲ್ಯೂ ಸೊನ್ನೆ ಇರಬೇಕಿತ್ತು, 0.1 ಗಾತ್ರದ್ದು ಬರುತ್ತಿದೆ. ಬಗ್ ಇದೆಯಾ?

ಇರಲಿಕ್ಕಿಲ್ಲ. 10×10 ಮ್ಯಾಟ್ರಿಕ್ಸ್ ಒಂದರಲ್ಲಿ ಕರ್ಣದ ಪಕ್ಕದ ಮೇಲಿನ ಸಾಲಿನಲ್ಲಿ ಒಂಬತ್ತು 1 ಗಳು, ಉಳಿದೆಲ್ಲ ಸೊನ್ನೆ ಎಂದುಕೊಳ್ಳಿ. ಐಗನ್ ವ್ಯಾಲ್ಯೂ ಹತ್ತೂ ಸೊನ್ನೆ. ಸಿಂಗ್ಯುಲರ್ ವ್ಯಾಲ್ಯೂ ಒಂಬತ್ತು 1 ಗಳು, ಒಂದು 0. ಈಗ ಕೆಳಗಿನ ಎಡ ಮೂಲೆಯಲ್ಲಿ 10⁻¹⁰ ಇಡಿ, ಧೂಳಿನಷ್ಟು. ಐಗನ್ ವ್ಯಾಲ್ಯೂಗಳು 10⁻¹⁰ ನ ಹತ್ತನೇ ಮೂಲಗಳಾಗುತ್ತವೆ, ಹತ್ತರ ಗಾತ್ರವೂ ಸೀದಾ 0.1 ಕ್ಕೆ ಜಿಗಿಯುತ್ತದೆ. ಸಿಂಗ್ಯುಲರ್ ವ್ಯಾಲ್ಯೂಗಳಲ್ಲಿ ಒಂಬತ್ತು 1 ಗಳು ಹಾಗೇ ಇರುತ್ತವೆ, ಆ 0 ಮಾತ್ರ 10⁻¹⁰ ಆಗುತ್ತದೆ.

ಸಿಂಗ್ಯುಲರ್ ವ್ಯಾಲ್ಯೂ ನೀವು ಸೇರಿಸಿದ ತಪ್ಪಿನ ಗಾತ್ರಕ್ಕಿಂತ ಹೆಚ್ಚು ಅಲುಗುವುದಿಲ್ಲ, ಮ್ಯಾಟ್ರಿಕ್ಸ್ ಯಾವುದೇ ಇರಲಿ. ಐಗನ್ ವ್ಯಾಲ್ಯೂಗೆ ಆ ಭರವಸೆ ಇರುವುದು ನಾರ್ಮಲ್ ಮ್ಯಾಟ್ರಿಕ್ಸ್‌ನಲ್ಲಿ ಮಾತ್ರ. ಆದ್ದರಿಂದ ಇಂಥ 0.1 ಕಂಡಾಗ ಕೋಡ್ ಬಿಚ್ಚುವ ಮೊದಲು ಆ ವರ್ಗಗಳ ವ್ಯತ್ಯಾಸ ಪ್ರಿಂಟ್ ಮಾಡಿ ನೋಡಿ. ಈ ಮ್ಯಾಟ್ರಿಕ್ಸ್‌ಗೆ ಅದು 9 ರ ಹತ್ತಿರ ಬರುತ್ತದೆ: σ² ಗಳ ಮೊತ್ತ 9, |λ|² ಗಳ ಮೊತ್ತ ಬರೀ 0.1.